ಚೀಟಿ ಬರೆದದ್ದು ಯಾರಿಗೆ? ಬಿ.ಡಿ., ಎಚ್.ಎಸ್., ಎಸ್.ಒ.ಎಸ್. ಸಂಕೇತಗಳ ಚರಿತ್ರೆ

ವೈದ್ಯರ ಚೀಟಿಯಲ್ಲಿ ಕಾಣುವ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಒ.ಎಸ್. ಎಂಬ ಅಕ್ಷರಗಳನ್ನು ರೋಗಿ ಓದಲೆಂದು ಯಾರೂ ರೂಪಿಸಲಿಲ್ಲ. ಅವು ವೈದ್ಯರು ಔಷಧ ತಯಾರಿಸುವವರಿಗೆ ಕೊಡುತ್ತಿದ್ದ ಸೂಚನೆಗಳು. ಇಂದು ನಮ್ಮ ಮನೆಗಳಲ್ಲಿ ಮಾತ್ರೆಯ ಹೊತ್ತಿನ ಬಗ್ಗೆ ಏಳುವ ಎಷ್ಟೋ ಗೊಂದಲಗಳ ಬೇರು ಇಲ್ಲೇ ಇದೆ.

ಇಂಗ್ಲೆಂಡಿನ ಹಳೆಯ ಪದ್ಧತಿಯ ಚೀಟಿಗೆ ನಾಲ್ಕು ಭಾಗಗಳಿದ್ದವು. ಮೊದಲು 'ತೆಗೆದುಕೋ' ಎಂಬ ಅರ್ಥದ ಗುರುತು, ಅದರ ಕೆಳಗೆ ದ್ರವ್ಯಗಳೂ ಅವುಗಳ ತೂಕವೂ, ಆಮೇಲೆ ತಯಾರಿಸುವ ಕ್ರಮ, ಕೊನೆಗೆ 'ಸಿಗ್ನಾ'. ಸಿಗ್ನಾ ಎಂದರೆ ಬಾಟಲಿಯ ಮೇಲೆ ಏನು ಬರೆದು ಅಂಟಿಸಬೇಕು ಎಂಬ ಸೂಚನೆ. ದಿನಕ್ಕೆರಡು ಸಲ ಎನ್ನಲು 'ಬಿಸ್ ಇನ್ ಡಿಯೆ', ಮಲಗುವ ಹೊತ್ತಿಗೆ 'ಹೋರಾ ಸೋಮ್ನಿ', ಅಗತ್ಯಬಿದ್ದರೆ 'ಸಿ ಓಪಸ್ ಸಿಟ್'. ಬಿ.ಡಿ., ಎಚ್.ಎಸ್., ಎಸ್.ಒ.ಎಸ್. ಹುಟ್ಟಿದ್ದು ಈ ಲ್ಯಾಟಿನ್ ಮಾತುಗಳಿಂದ. ಅವನ್ನು ಬಿಡಿಸಿ ರೋಗಿಯ ಭಾಷೆಯಲ್ಲಿ ಲೇಬಲ್ ಬರೆಯುವುದು ಅಪೊಥೆಕರಿಯ ಕೆಲಸವಾಗಿತ್ತು.

ಈ ಕೆಲಸಕ್ಕೆ ಪರೀಕ್ಷೆಯೂ ಇತ್ತು. 1815ರ ಅಪೊಥೆಕರಿಗಳ ಕಾಯಿದೆ ಬಂದ ಮೇಲೆ ಲಂಡನ್ನಿನಲ್ಲಿ ಪರವಾನಗಿ ಬಯಸುವವರು ವೈದ್ಯರ ಲ್ಯಾಟಿನ್ ಚೀಟಿಗಳನ್ನು ಅನುವಾದಿಸಿ ತೋರಿಸಬೇಕಿತ್ತು. ಅಂಥ ಅಭ್ಯರ್ಥಿಗಳಿಗೆಂದೇ ಜೊನಾಥನ್ ಪೆರೇರಾ 1824ರಲ್ಲಿ ಚೀಟಿ ಓದುವ ಕೈಪಿಡಿಯೊಂದನ್ನು ಪ್ರಕಟಿಸಿದರು. 1864ರಲ್ಲಿ ಬ್ರಿಟಿಷ್ ಫಾರ್ಮಕೋಪಿಯಾ ಇಂಗ್ಲಿಷಿನಲ್ಲೇ ಹೊರಬಂತು. ಗ್ರಂಥದ ಭಾಷೆ ಬದಲಾದರೂ ಚೀಟಿಯ ಕೊನೆಯ ಸಾಲು ಮಾತ್ರ ಲ್ಯಾಟಿನ್ನಿನಲ್ಲೇ ಉಳಿಯಿತು.

ಬ್ರಿಟಿಷರ ವೈದ್ಯಶಿಕ್ಷಣದೊಂದಿಗೆ ಈ ಸಂಕೇತಗಳು ನಮ್ಮಲ್ಲಿಗೆ ಬಂದವು. ಇಲ್ಲಿ ಅಪೊಥೆಕರಿಯ ಜಾಗದಲ್ಲಿದ್ದವರು ಕಂಪೌಂಡರ್. ಅವರು ಮಿಕ್ಸ್ಚರ್ ಬೆರೆಸಿ, ಬಾಟಲಿಯ ಪಕ್ಕಕ್ಕೆ ಅಳತೆಯಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, 'ದಿನಕ್ಕೆ ಮೂರು ಸಲ, ಒಂದೊಂದು ಗೆರೆ' ಎಂದು ಬಾಯಲ್ಲಿ ಹೇಳಿ ಕೊಡುತ್ತಿದ್ದರು. ಟಿ.ಡಿ.ಎಸ್. ಅಲ್ಲಿಗೇ ನಿಂತು ಕನ್ನಡ ಮನೆಗೆ ಹೋಗುತ್ತಿತ್ತು. ಕಾರ್ಖಾನೆಯ ಮಾತ್ರೆಗಳು ಸ್ಟ್ರಿಪ್‌ಗಳಲ್ಲಿ ಬರತೊಡಗಿದಾಗ ಬೆರೆಸುವ ಕೆಲಸ ಹೋಯಿತು, ಅದರೊಂದಿಗೆ ಲೇಬಲ್ ಬರೆಯುವ ರೂಢಿಯೂ ಹೋಯಿತು. ಚೀಟಿ ರೋಗಿಯ ಕೈಗೆ ಮರಳುತ್ತದೆ, ಆದರೆ ಅದನ್ನು ಬಿಡಿಸಿ ಬರೆದ ಕಾಗದ ಯಾವುದೂ ಜೊತೆಗಿಲ್ಲ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇದೇ. ಕೆಟ್ಟ ಕೈಬರಹವನ್ನು ದೂರುವವರು ಇದನ್ನು ಗಮನಿಸಿದ್ದು ಕಡಿಮೆ.

ಆ ಖಾಲಿ ಜಾಗವನ್ನು ತುಂಬಿದ್ದು 1-0-1 ಎಂಬ ಬರವಣಿಗೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇಂಗ್ಲಿಷ್ ಬಾರದವರೂ ಅಂಕಿ ಓದಬಲ್ಲರು, ಆದ್ದರಿಂದ ಇದೊಂದು ದೊಡ್ಡ ಉಪಕಾರವೇ. ಬಿ.ಡಿ.ಯ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಟಿ.ಡಿ.ಎಸ್. ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ 1-1-1 ಎಂದಿದ್ದರೆ ಮನೆಯವರು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 1ಕ್ಕೆ, ರಾತ್ರಿ 8ಕ್ಕೆ ಕೊಡುತ್ತಾರೆ. ನಡುವಿನ ಅಂತರ 5, 7, 12 ಗಂಟೆ. ವೈದ್ಯರ ಮನಸ್ಸಿನಲ್ಲಿದ್ದದ್ದು ಸುಮಾರು 8 ಗಂಟೆಗೊಮ್ಮೆ. ಎಚ್.ಎಸ್. ಕೂಡ 0-0-1 ಆದಾಗ ರಾತ್ರಿಯೂಟದ ಮಾತ್ರೆಗಳ ಜೊತೆ ಬೆರೆತುಹೋಗುತ್ತದೆ. ನಿದ್ದೆ ಬರಿಸುವ ಮಾತ್ರೆಯನ್ನು 8ಕ್ಕೇ ನುಂಗಿ, 11ರವರೆಗೆ ಮಂಪರಿನಲ್ಲಿ ಓಡಾಡುವ ಹಿರಿಯರು ಬೀಳುವ ಅಪಾಯವಿದೆ.

ದೇಶ ದಾಟಿದರೆ ಅಕ್ಷರಗಳ ಅರ್ಥವೂ ಬದಲಾಗಬಹುದು. ನಮ್ಮಲ್ಲಿ ಒ.ಡಿ. ಎಂದರೆ ದಿನಕ್ಕೊಮ್ಮೆ. ಅಮೆರಿಕದಲ್ಲಿ ಅದು ಬಲಗಣ್ಣು. ಅಲ್ಲಿ ದಿನಕ್ಕೊಮ್ಮೆ ಎನ್ನಲು ಬಳಕೆಯಲ್ಲಿದ್ದ ಕ್ಯೂ.ಡಿ.ಯನ್ನು ದಿನಕ್ಕೆ ನಾಲ್ಕು ಸಲ ಎಂಬ ಕ್ಯೂ.ಐ.ಡಿ. ಎಂದು ಓದಿಕೊಳ್ಳುವ ಅಪಾಯವಿದ್ದುದರಿಂದ, ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಅದನ್ನು ನಿಷೇಧಿತ ಸಂಕೇತಗಳ ಪಟ್ಟಿಗೆ ಸೇರಿಸಿತು. ಮಕ್ಕಳ ಬಳಿಗೆ ಹೋಗುವ ನಮ್ಮ ಹಿರಿಯರು ಊರಿನ ಚೀಟಿಯನ್ನು ಅಲ್ಲಿನ ಫಾರ್ಮಸಿಯಲ್ಲಿ ತೋರಿಸುವಾಗ, ಅದರಲ್ಲೂ ಕಣ್ಣಿನ ಹನಿಮದ್ದಾದರೆ, ಒ.ಡಿ.ಯ ಅರ್ಥವನ್ನು ಬಾಯಿಬಿಟ್ಟು ಹೇಳಲೇಬೇಕು.

ಅಂಕಿಗಳಿಗೆ ಒಗ್ಗದೆ ಉಳಿದದ್ದು ಎಸ್.ಒ.ಎಸ್. ಅದಕ್ಕೆ ಹೊತ್ತಿಲ್ಲ, ಷರತ್ತು ಮಾತ್ರ ಇದೆ. ಚೀಟಿಯಲ್ಲಿ 'ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಎಸ್.ಒ.ಎಸ್.' ಎಂದಷ್ಟೇ ಇದೆ ಎಂದುಕೊಳ್ಳೋಣ. ಯಾವುದಕ್ಕೆ, ಜ್ವರಕ್ಕೋ ನೋವಿಗೋ? ಒಂದು ನುಂಗಿದ ಎಷ್ಟು ಹೊತ್ತಿಗೆ ಇನ್ನೊಂದು? ದಿನಕ್ಕೆ ಹೆಚ್ಚೆಂದರೆ ಎಷ್ಟು? ಆ ಮೂರು ಅಕ್ಷರಗಳಲ್ಲಿ ಇವುಗಳಿಗೆ ಉತ್ತರವಿಲ್ಲ. ಪಕ್ಕದಲ್ಲೇ 1-1-1 ಎಂದೂ ಬರೆದಿದ್ದರೆ ರೋಗಿ ಸಹಜವಾಗಿ ಅಂಕಿಯನ್ನೇ ನಂಬಿ, ಜ್ವರ ಬಿಟ್ಟ ಮೇಲೂ ಮೂರು ಹೊತ್ತು ನುಂಗುತ್ತಾನೆ. ಇನ್ನೊಂದು ಚೀಟಿಯ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದ್ದರೆ ಎರಡೂ ಕೂಡಿಕೊಳ್ಳುತ್ತವೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಸಾಮಾನ್ಯ ಮೇಲ್ಮಿತಿ, ಅದನ್ನು ಮೀರಿದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ. ಆದ್ದರಿಂದ ಎಸ್.ಒ.ಎಸ್. ಬದಲು 'ಜ್ವರ ಬಂದರೆ ಮಾತ್ರ ಒಂದು. ಮತ್ತೆ ಬೇಕೆನಿಸಿದರೆ 6 ಗಂಟೆ ಬಿಟ್ಟು. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ' ಎಂದು ಬರೆಯಬೇಕಾಗುತ್ತದೆ. ಹಳೆಯ ಚೀಟಿಯ ಸಿಗ್ನಾ ಕೇಳುತ್ತಿದ್ದದ್ದು ಇಂಥ ಸಾಲನ್ನೇ. ವೈದ್ಯರು ಬರೆಯದಿದ್ದರೆ ಮೆಡಿಕಲ್ ಶಾಪಿನವರು ಕವರಿನ ಮೇಲೆ ಬರೆಯಬಹುದು, ಅವರೂ ಬರೆಯದಿದ್ದರೆ ರೋಗಿ ಅಲ್ಲೇ ನಿಂತು ಆ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಬರಬಹುದು.