ರೂಪದಲ್ಲಿ ಇಲ್ಲದ್ದು ಯಾವುದು?

ಮಹಾಯಾನ ಬೌದ್ಧರ ಪ್ರಜ್ಞಾಪಾರಮಿತಾ ಗ್ರಂಥಗಳಲ್ಲಿ ಒಂದಕ್ಕೆ ಎಂಟು ಸಾವಿರ ಶ್ಲೋಕಗಳ ಗಾತ್ರ, ಇನ್ನೊಂದಕ್ಕೆ ಇಪ್ಪತ್ತೈದು ಸಾವಿರ, ಮತ್ತೊಂದಕ್ಕೆ ಲಕ್ಷ. ಇವುಗಳ ಪಕ್ಕದಲ್ಲಿ ‘ಪ್ರಜ್ಞಾಪಾರಮಿತಾ ಹೃದಯ’ವೆಂಬುದು ಒಂದು ಪುಟದೊಳಗೆ ಮುಗಿಯುವ ಕಿರುಕೃತಿ. ಹ್ಯೂಯೆನ್ ತ್ಸಾಂಗನ ಹೆಸರಿನಲ್ಲಿ ಪ್ರಚಾರದಲ್ಲಿರುವ ಚೀನೀ ಪಾಠದಲ್ಲಿ ಅದರ ಮೈ ಕೇವಲ 260 ಅಕ್ಷರ. ಚೀನ, ಜಪಾನ್, ಟಿಬೆಟ್‌ಗಳಲ್ಲಿ ಇಂದಿಗೂ ನಿತ್ಯಪಾರಾಯಣಗೊಳ್ಳುವ ಈ ಕೃತಿಯಿಂದ ಹೊರಬಂದು ಲೋಕದ ಬಾಯಿಗೆ ಬಿದ್ದಿರುವ ಮಾತು ಒಂದೇ: ರೂಪವೇ ಶೂನ್ಯತೆ, ಶೂನ್ಯತೆಯೇ ರೂಪ. ಇದನ್ನು ಕೇಳಿದವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಕಾಣುವುದೆಲ್ಲ ಸುಳ್ಳು, ಏನೂ ಇಲ್ಲ ಎಂದು ಕೆಲವರು ತಿಳಿಯುತ್ತಾರೆ. ಕಾಣುವುದರ ಹಿಂದೆ ಶೂನ್ಯವೆಂಬ ಮಹಾವಸ್ತುವೊಂದಿದೆ, ಅದರಿಂದಲೇ ಎಲ್ಲವೂ ಹುಟ್ಟಿತು ಎಂದು ಉಳಿದವರು ತಿಳಿಯುತ್ತಾರೆ. ಎರಡೂ ಮೂಲಕ್ಕೆ ಒಪ್ಪುವ ಅರ್ಥಗಳಲ್ಲ.

ಮೊದಲು ಪದಗಳನ್ನು ನೋಡೋಣ. ಇಲ್ಲಿನ ‘ರೂಪ’ ಚೆಲುವೂ ಅಲ್ಲ, ಬರಿಯ ಆಕಾರವೂ ಅಲ್ಲ. ಮನುಷ್ಯನೆಂಬುದನ್ನು ಬೌದ್ಧರು ಐದು ಸ್ಕಂಧಗಳಾಗಿ ಬಿಡಿಸಿದರು: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. ಇವುಗಳಲ್ಲಿ ರೂಪವೆಂದರೆ ಮೈ ಮತ್ತು ಮೈಗೆ ತಾಕುವ ಜಡಪ್ರಪಂಚ. ಹೃದಯಸೂತ್ರ ಮೊದಲ ಸ್ಕಂಧದ ಮಾತನ್ನು ಪೂರ್ತಿಯಾಗಿ ಹೇಳಿ, ಉಳಿದ ನಾಲ್ಕಕ್ಕೂ ಇದೇ ನ್ಯಾಯವೆಂದು ಒಂದೇ ಮಾತಿನಲ್ಲಿ ಮುಂದೆ ಸಾಗುತ್ತದೆ. ಆದ್ದರಿಂದ ಈ ಸಾಲು ರೂಪವನ್ನು ಮಾತ್ರ ಗುರಿಮಾಡಿದ್ದಲ್ಲ. ರೂಪ ಪಟ್ಟಿಯ ಮೊದಲಲ್ಲಿದೆ, ಅಷ್ಟೆ.

‘ಶೂನ್ಯ’ ಎಂಬ ಪದವೇ ನಮ್ಮನ್ನು ಹೆಚ್ಚು ದಾರಿ ತಪ್ಪಿಸುವುದು. ಗಣಿತದ ಸೊನ್ನೆ ಅದರ ಬೆನ್ನಿಗೆ ಅಂಟಿಕೊಂಡಿದೆ. ಕನ್ನಡಿಗರಿಗಂತೂ ಶರಣರ ‘ಶೂನ್ಯ’ ಮತ್ತು ‘ಬಯಲು’ ಥಟ್ಟನೆ ನೆನಪಾಗುತ್ತವೆ. ಶರಣರ ಶೂನ್ಯಕ್ಕೆ ತನ್ನದೇ ಆದ ದರ್ಶನದ ಹಿನ್ನೆಲೆಯಿದೆ. ಹೆಸರು ಒಂದೆಂದು ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ನಮಗೆ ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದು ನಮ್ಮ ದಿನಬಳಕೆಯ ಸಮಾಸ. ‘ಜನಶೂನ್ಯವಾದ ಬೀದಿ’ ಎಂದರೆ ಬೀದಿಯೇ ಇಲ್ಲವೆಂದು ಯಾರೂ ತಿಳಿಯುವುದಿಲ್ಲ. ಬೀದಿ ಇದೆ, ಅದರಲ್ಲಿ ಜನರಿಲ್ಲ. ಶೂನ್ಯವೆಂದೊಡನೆ ಯಾವುದು ಶೂನ್ಯ, ಯಾವುದರಿಂದ ಶೂನ್ಯ ಎಂದು ಕೇಳಬೇಕು.

ಈ ವ್ಯಾಕರಣ ಬೌದ್ಧರಲ್ಲಿ ಬಹಳ ಹಳೆಯದು. ಪಾಳಿ ಮಜ್ಝಿಮನಿಕಾಯದ ಚೂಳಸುಞ್ಞತ ಸುತ್ತದಲ್ಲಿ ಬುದ್ಧನು ಶ್ರಾವಸ್ತಿಯ ಮಿಗಾರಮಾತೆಯ ಪ್ರಾಸಾದದಲ್ಲಿ ಕುಳಿತು ಆನಂದನಿಗೆ ಹೇಳುವ ಉದಾಹರಣೆ ಇದೇ ಬಗೆಯದು. ಈ ಪ್ರಾಸಾದದಲ್ಲಿ ಆನೆಗಳಿಲ್ಲ, ಹಸುಗಳಿಲ್ಲ, ಬೆಳ್ಳಿಬಂಗಾರವಿಲ್ಲ. ಅವುಗಳಿಂದ ಇದು ಶೂನ್ಯ. ಭಿಕ್ಷುಸಂಘ ಮಾತ್ರ ಇದೆ; ಅದರಿಂದ ಶೂನ್ಯವಲ್ಲ. ಇಲ್ಲದ್ದನ್ನು ಇಲ್ಲವೆಂದೂ ಉಳಿದದ್ದನ್ನು ಇದೆಯೆಂದೂ ಕಾಣುವುದೇ ಅಲ್ಲಿ ಶೂನ್ಯತೆಯ ಅಭ್ಯಾಸ.

ಹಾಗಾದರೆ ರೂಪವು ಯಾವುದರಿಂದ ಶೂನ್ಯ? ಉತ್ತರಕ್ಕಾಗಿ ಹೊರಗೆ ಅಲೆಯಬೇಕಾಗಿಲ್ಲ. ಸಂಸ್ಕೃತ ಪಾಠದ ಆರಂಭದಲ್ಲಿಯೇ ಅವಲೋಕಿತೇಶ್ವರನು ಐದು ಸ್ಕಂಧಗಳನ್ನೂ ‘ಸ್ವಭಾವಶೂನ್ಯ’ವೆಂದು ಕಂಡನೆಂಬ ಮಾತಿದೆ. ಸ್ವಭಾವವೆಂದರೆ ನಾವು ಒಬ್ಬನನ್ನು ‘ಒಳ್ಳೆಯ ಸ್ವಭಾವದವ’ ಎನ್ನುವಾಗಿನ ಅರ್ಥವಲ್ಲ; ಬೇರೆ ಯಾವುದನ್ನೂ ಆಶ್ರಯಿಸದೆ ವಸ್ತುವೊಂದು ತನ್ನಿಂದ ತಾನೇ ತಾನಾಗಿರುವುದು. ಇದನ್ನು ಏಕೆ ಒತ್ತಿ ಹೇಳಬೇಕಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಉತ್ತರ ಭಾರತದಲ್ಲಿ ಪ್ರಬಲರಾಗಿದ್ದ ಸರ್ವಾಸ್ತಿವಾದಿ ಬೌದ್ಧರು ಆತ್ಮವನ್ನು ಒಪ್ಪುತ್ತಿರಲಿಲ್ಲ, ನಿಜ. ಆದರೆ ಮನುಷ್ಯನನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಕ್ಕುವ ಮೂಲ ‘ಧರ್ಮ’ಗಳಿಗೆ ಅವರು ಸ್ವಭಾವವನ್ನು ಒಪ್ಪಿದರು. ಇಂಥ 75 ಧರ್ಮಗಳ ಪಟ್ಟಿ ಪ್ರಸಿದ್ಧವಾಗಿದೆ; ಅದರಲ್ಲಿ 11 ರೂಪಕ್ಕೆ ಸೇರಿದವು. ಹೃದಯಸೂತ್ರದಲ್ಲಿ ಈ ಮಾತನ್ನು ಕೇಳುವವನು ಶಾರಿಪುತ್ರ. ಇಂಥ ವಿಂಗಡಣೆಯ ಶಾಸ್ತ್ರಕ್ಕೆ ಪರಂಪರೆಯಲ್ಲಿ ಹೆಸರಾದ ಶಿಷ್ಯನೇ ಅವನು. ಆ ಆಯ್ಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಬಾವಿಯ ಹಗ್ಗದ ಕುಣಿಕೆಯನ್ನು ತೆಗೆದುಕೊಳ್ಳಿ. ಕೊಡವನ್ನು ಹಿಡಿದು ಎತ್ತುವುದು ಅದೇ, ಇಲ್ಲವೆನ್ನುವಂತಿಲ್ಲ. ಆದರೆ ಹಗ್ಗದ ತೂಕಕ್ಕಿಂತ ಬೇರೆಯಾಗಿ ಕುಣಿಕೆಗೊಂದು ತೂಕವಿಲ್ಲ. ಬಿಚ್ಚಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಇಷ್ಟನ್ನು ಸರ್ವಾಸ್ತಿವಾದಿಯೂ ಒಪ್ಪುತ್ತಾನೆ. ಕುಣಿಕೆ ಬರಿಯ ಹೆಸರು, ನಾರು ಮಾತ್ರ ನಿಜ ಎನ್ನುತ್ತಾನೆ. ನಾರಿಗೂ ಇದೇ ನ್ಯಾಯ, ನಾರಿನ ಅಣುವಿಗೂ ಇದೇ ನ್ಯಾಯ ಎಂಬುದು ಪ್ರಜ್ಞಾಪಾರಮಿತೆಯ ಉತ್ತರ. ಕುಣಿಕೆಗೆ ಸ್ವಭಾವವಿದ್ದಿದ್ದರೆ ಅದನ್ನು ಯಾರೂ ಹಾಕಬೇಕಾಗಿರಲಿಲ್ಲ, ಬಿಚ್ಚಲೂ ಬರುತ್ತಿರಲಿಲ್ಲ. ಸ್ವಭಾವಶೂನ್ಯವಾದ್ದರಿಂದಲೇ ಅದು ಕುಣಿಕೆಯಾಗಬಲ್ಲದು. ನಾಗಾರ್ಜುನನು ‘ಮೂಲಮಧ್ಯಮಕಕಾರಿಕೆ’ಯ ಇಪ್ಪತ್ತನಾಲ್ಕನೆಯ ಪ್ರಕರಣದಲ್ಲಿ ವಾದಿಸಿದ್ದು ಇದನ್ನೇ, ಶೂನ್ಯತೆಯನ್ನು ತಪ್ಪಾಗಿ ಗ್ರಹಿಸುವುದು ಹಾವನ್ನು ತಪ್ಪಾಗಿ ಹಿಡಿದಂತೆ ಎಂದು ಎಚ್ಚರಿಸಿದ್ದೂ ಅಲ್ಲಿಯೇ.

ಈಗ ಸಾಲಿನ ಉತ್ತರಾರ್ಧ ಹಗುರಾಗುತ್ತದೆ. ಕುಣಿಕೆಯ ಶೂನ್ಯತೆ ಕುಣಿಕೆಯ ಹಿಂದೆ ಅಡಗಿರುವ ಬೇರೊಂದು ಪದಾರ್ಥವಲ್ಲ. ಕುಣಿಕೆಯನ್ನು ತೆಗೆದುಹಾಕಿ ಅದರ ಶೂನ್ಯತೆಯನ್ನು ಮಾತ್ರ ತೋರಿಸು ಎಂದರೆ ತೋರಿಸಲಾಗದು. ಬೀದಿಯನ್ನೇ ಅಗೆದುಹಾಕಿದರೆ ಅದರ ನಿರ್ಜನತೆಯನ್ನು ಎಲ್ಲಿ ತೋರಿಸುವುದು? ಶೂನ್ಯತೆಯೇ ರೂಪವೆಂದದ್ದು ಈ ಅರ್ಥದಲ್ಲಿ. ಶೂನ್ಯವನ್ನು ಜಗತ್ಕಾರಣ ಮಾಡಲು ಹೊರಟವರನ್ನು ತಡೆಯುವ ಅರ್ಧ ಇದು.

ಈ ಸಾಲಿಗೊಂದು ಪೂರ್ವಚರಿತ್ರೆಯೂ ಇದೆ. ಪಾಳಿ ಸಂಯುತ್ತನಿಕಾಯದ ಒಂದು ಸುತ್ತದಲ್ಲಿ ರೂಪಕ್ಕೆ ಗಂಗೆಯ ಮೇಲೆ ತೇಲುವ ನೊರೆಯ ಮುದ್ದೆಯ ಹೋಲಿಕೆ, ಸಂಸ್ಕಾರಗಳಿಗೆ ಚೇಗಿಲ್ಲದ ಬಾಳೆಯ ದಿಂಡಿನದು, ವಿಜ್ಞಾನಕ್ಕೆ ಮಾಟಗಾರನ ಮಾಯೆಯದು. ಎಂಟು ಸಾವಿರ ಶ್ಲೋಕಗಳ ಅಷ್ಟಸಾಹಸ್ರಿಕೆಯಲ್ಲಿ ಬುದ್ಧನು ಸುಭೂತಿಯನ್ನು ಮಾಯೆ ಬೇರೆ, ರೂಪ ಬೇರೆಯೇ ಎಂದು ಕೇಳುತ್ತಾನೆ. ಅಲ್ಲ, ರೂಪವೇ ಮಾಯೆ ಎಂಬ ಅರ್ಥದ ಉತ್ತರ ಬರುತ್ತದೆ. ವಾಕ್ಯದ ಅಚ್ಚು ನಮ್ಮ ಸಾಲಿನದೇ. ಶೂನ್ಯತೆಯ ಜಾಗದಲ್ಲಿ ಮಾಯೆ ಇದೆ. ಇಪ್ಪತ್ತೈದು ಸಾವಿರದ ಗ್ರಂಥಕ್ಕೆ ಬರುವಾಗ ಅದೇ ಅಚ್ಚಿನಲ್ಲಿ ಶೂನ್ಯತೆ ಕೂರುತ್ತದೆ. ಮಾಟಗಾರ ತೋರಿಸಿದ ಆನೆ ಕಾಣದ ಆನೆಯಲ್ಲ. ಕಾಣುವಂತೆ ಇಲ್ಲದ ಆನೆ. ಹಳೆಯ ಪದವನ್ನು ನೆನಪಿನಲ್ಲಿಟ್ಟರೆ ಹೊಸ ಪದ ಸೊನ್ನೆಯಾಗುವುದಿಲ್ಲ.

ಇಪ್ಪತ್ತೈದು ಸಾವಿರದ ಗ್ರಂಥದಿಂದ ಈ ಭಾಗ ಕಿರುಕೃತಿಗೆ ಹೇಗೆ ಬಂತು? 1992ರಲ್ಲಿ ಅಮೆರಿಕದ ವಿದುಷಿ ಜಾನ್ ನ್ಯಾಟಿಯರ್ ಎರಡನ್ನೂ ಪದಕ್ಕೆ ಪದ ಇಟ್ಟು ಹೋಲಿಸಿದರು. ಚೀನೀ ಹೃದಯಸೂತ್ರದ ಈ ಭಾಗ ಕುಮಾರಜೀವನು 404ರಲ್ಲಿ ಮುಗಿಸಿದ ದೊಡ್ಡ ಗ್ರಂಥದ ಚೀನೀ ಅನುವಾದಕ್ಕೆ ಬಹುಮಟ್ಟಿಗೆ ಅಕ್ಷರಶಃ ಹೊಂದುತ್ತದೆ. ಸಂಸ್ಕೃತ ಪಾಠಗಳಾದರೋ ಅರ್ಥದಲ್ಲಿ ಒಂದಾದರೂ ಮಾತಿನಲ್ಲಿ ಬೇರೆ. ಆದ್ದರಿಂದ ಇದು ಚೀನದಲ್ಲಿ ಜೋಡಿಸಿ ಅನಂತರ ಸಂಸ್ಕೃತಕ್ಕೆ ತಿರುಗಿಸಿದ ಕೃತಿ ಎಂದು ಅವರ ನಿರ್ಣಯ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಜಪಾನಿನಲ್ಲಿ ಹಲವರು ವಿರೋಧಿಸಿದ್ದಾರೆ. ಜೋಡಣೆ ಎಲ್ಲಿಯೇ ನಡೆದಿರಲಿ, ಸಾಲು ಹುಟ್ಟಿದ್ದು ಭಾರತದ ದೊಡ್ಡ ಗ್ರಂಥದಲ್ಲಿ ಎಂಬುದಕ್ಕೆ ಇದರಿಂದ ಬಾಧೆಯಿಲ್ಲ.

ಇನ್ನೊಂದು ತೊಡಕು ಉಳಿಯಿತು. ರೂಪವೇ ಶೂನ್ಯತೆ ಎಂದ ಕೃತಿ ನಾಲ್ಕಾರು ಮಾತುಗಳ ತರುವಾಯ ಶೂನ್ಯತೆಯಲ್ಲಿ ರೂಪವಿಲ್ಲ ಎನ್ನುತ್ತದೆ. ಕಣ್ಣು, ಕಿವಿ, ಕೊನೆಗೆ ಬುದ್ಧನ ನಾಲ್ಕು ಸತ್ಯಗಳೂ ಇಲ್ಲವೆನ್ನುತ್ತದೆ. ಮೇಲುನೋಟಕ್ಕೆ ಇದು ವಿರೋಧ. ನಾಗಾರ್ಜುನನ ಪರಂಪರೆಯವರು ಇದನ್ನು ವ್ಯವಹಾರಸತ್ಯ, ಪರಮಾರ್ಥಸತ್ಯಗಳೆಂಬ ಭೇದದಿಂದ ಬಗೆಹರಿಸುತ್ತಾರೆ: ನೀರು ಸೇದುವವನಿಗೆ ಕುಣಿಕೆ ಇದೆ; ಅದರ ಸ್ವಭಾವವನ್ನೇ ಹುಡುಕಿಕೊಂಡು ಹೊರಟವನ ಕೈಗೆ ಕುಣಿಕೆಯೂ ಸಿಗದು, ನಾರೂ ಸಿಗದು. ಕೆಲವು ಈಚಿನ ವಿದ್ವಾಂಸರು ಇದನ್ನು ಮಿಗಾರಮಾತೆಯ ಪ್ರಾಸಾದದ ಕಡೆಗೇ ಒಯ್ಯುತ್ತಾರೆ: ಧ್ಯಾನದಲ್ಲಿ ಮನಸ್ಸು ಒಂದೊಂದನ್ನೇ ಬಿಡುತ್ತ ಹೋದಾಗ ರೂಪವೂ ಅನುಭವಕ್ಕೆ ಬಾರದ ನೆಲೆಯನ್ನು ಈ ‘ಇಲ್ಲ’ಗಳು ಹೇಳುತ್ತವೆ ಎಂದು. ನನಗೆ ಎರಡನೆಯದು ಕೃತಿಯ ದನಿಗೆ ಹತ್ತಿರವೆನಿಸುತ್ತದೆ. ಮಾತು ಆರಂಭವಾಗುವುದೇ ಪ್ರಜ್ಞಾಪಾರಮಿತೆಯ ಅಭ್ಯಾಸದಲ್ಲಿ ತೊಡಗಿದ್ದ ಅವಲೋಕಿತೇಶ್ವರನು ಕಂಡದ್ದರಿಂದ.