ಮುಗಿದ ಉಸುಕಿನ ಕೇಸುಗಳನ್ನು ಮತ್ತೆ ಓದುವುದು

ವಿಜಯದಾಸರ ಊರೆಂದು ಹೆಸರಾದ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಮೇಲಿದೆ. 2018ರ ಡಿಸೆಂಬರ್‌ನಲ್ಲಿ ಇಲ್ಲಿನ ಗ್ರಾಮ ಲೆಕ್ಕಿಗರು ಅಕ್ರಮ ಉಸುಕಿನ ಲಾರಿ ತಡೆಯಲು ಹೋಗಿ, ಅದೇ ಲಾರಿ ಹರಿದು ಪ್ರಾಣ ಬಿಟ್ಟರು. ಅಂಥ ಸಾವು ರಾಜ್ಯಕ್ಕೆಲ್ಲ ಸುದ್ದಿಯಾಗುತ್ತದೆ. ಆದರೆ ಅದಕ್ಕೂ ಮುಂಚೆ ಇಂಥ ರಸ್ತೆಗಳಲ್ಲಿ ಹಿಡಿದು, ದಂಡ ಕಟ್ಟಿಸಿಕೊಂಡು ಬಿಟ್ಟ ಗಾಡಿಗಳ ಕಡತಗಳು ಎಲ್ಲಿ ಹೋಗುತ್ತವೆ? ನನ್ನ ಪ್ರಶ್ನೆ ಅದು.

ಉಸುಕಿನ ಕೇಸು ಮುಗಿಯುವ ಬಗೆಯೇ ಬೇರೆ. 1957ರ ಗಣಿ ಮತ್ತು ಖನಿಜ ಕಾಯ್ದೆಯ 23ಎ ಕಲಂ ರಾಜಿ ದಂಡಕ್ಕೆ ಅವಕಾಶ ಕೊಡುತ್ತದೆ. ದಂಡ ಕಟ್ಟಿದರೆ ಆ ಕಾಯ್ದೆಯಡಿಯ ಪ್ರಕರಣ ಅಲ್ಲಿಗೆ ನಿಂತಿತು, ಟಿಪ್ಪರ್ ಬಿಡುಗಡೆಯಾಯಿತು. ಪಂಚನಾಮೆಯಲ್ಲಿ ಇರುವುದು ಹೆಚ್ಚಾಗಿ ಚಾಲಕನ ಹೆಸರು. ಮುಂದಿನ ಸಲ ಅದೇ ಮಾಲೀಕನ ಗಾಡಿ ಬೇರೆ ಚಾಲಕನೊಂದಿಗೆ ಸಿಕ್ಕಿದರೆ ಅದು ಮತ್ತೆ ಮೊದಲ ತಪ್ಪೇ. ಹೀಗಾಗಿ ದಂಡವೂ ಡೀಸೆಲ್ಲಿನಂತೆ ವ್ಯಾಪಾರದ ಒಂದು ಖರ್ಚಾಗುತ್ತದೆ.

ಬಹಳ ಕಾಲ ಪರಿಶೀಲನೆ ಎಂದರೆ ಎಷ್ಟು ಕೇಸು, ಎಷ್ಟು ವಸೂಲಿ ಎಂಬ ಲೆಕ್ಕವೇ ಆಗಿತ್ತು. ದೃಷ್ಟಿ ಬದಲಿಸಿದ್ದು 2012ರ ಫೆಬ್ರುವರಿಯ ದೀಪಕ್ ಕುಮಾರ್ ತೀರ್ಪು. ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಪ್ರದೇಶವನ್ನು ತುಂಡು ತುಂಡು ಮಾಡಿ ಅನುಮತಿಯಿಂದ ನುಣುಚಿಕೊಳ್ಳುವ ದಾರಿ ಒಂದೊಂದೇ ಗುತ್ತಿಗೆಯ ಕಡತದಲ್ಲಿ ತಪ್ಪಾಗಿ ಕಾಣುವುದಿಲ್ಲ. ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಇಟ್ಟಾಗ ಮಾತ್ರ ಕಾಣುತ್ತದೆ. ಆಮೇಲೆ 2016 ಮತ್ತು 2020ರಲ್ಲಿ ಕೇಂದ್ರದ ಮಾರ್ಗಸೂಚಿಗಳು ಬಂದವು: ಜಿಲ್ಲಾ ಸಮೀಕ್ಷಾ ವರದಿ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಹೊಳೆಯ ತಳದ ಅಳತೆ, ರಾತ್ರಿ ತೆಗೆಯಲು ನಿಷೇಧ. ಕರ್ನಾಟಕವೂ 2020ರಲ್ಲಿ ಹೊಸ ಮರಳು ನೀತಿ ತಂದು, ಚಿಕ್ಕ ಹಳ್ಳಗಳ ಉಸುಕನ್ನು ಗ್ರಾಮ ಪಂಚಾಯಿತಿಗೂ ದೊಡ್ಡ ಹೊಳೆಗಳದ್ದನ್ನು ಹಟ್ಟಿ ಚಿನ್ನದ ಗಣಿಯಂಥ ಸರ್ಕಾರಿ ಕಂಪನಿಗಳಿಗೂ ವಹಿಸಲು ಹೊರಟಿತು.

ಕಡತಗಳನ್ನು ಜೋಡಿಸಿ ಓದುವುದು ಹೇಗೆಂದು ಒಂದು ಕಲ್ಪಿತ ಲೆಕ್ಕದಿಂದ ಹೇಳುತ್ತೇನೆ. ಸ್ಟಾಕ್‌ಯಾರ್ಡಿನಿಂದ ಅರವತ್ತು ಕಿಲೋಮೀಟರ್ ದೂರದ ಊರಿಗೆ ಬೆಳಗಿನ ಆರಕ್ಕೆ ಪರ್ಮಿಟ್ ಕೊಟ್ಟಿದ್ದಾರೆ, ಅವಧಿ ಆರು ತಾಸು. ತುಂಬಿದ ಗಾಡಿಗೆ ಹೋಗಲು ಎರಡು ತಾಸು, ಖಾಲಿಯಾಗಿ ಮರಳಲು ಒಂದೂವರೆ ಸಾಕು. ಹಾಗಾದರೆ ಹನ್ನೆರಡರ ಒಳಗೆ ಅದೇ ಚೀಟಿಯಲ್ಲಿ ಎರಡನೇ ಖೇಪೂ ಮುಗಿಯುತ್ತದೆ. ಹನ್ನೊಂದಕ್ಕೆ ತಡೆದವರಿಗೆ ಚಾಲ್ತಿಯಲ್ಲಿರುವ ಪರ್ಮಿಟ್ ಕಾಣುತ್ತದೆ. ತುಸು ಹೆಚ್ಚು ಭಾರವಿದ್ದರೆ ಅದಕ್ಕಷ್ಟೇ ದಂಡ. ಇಂಥ ಇಪ್ಪತ್ತು ಕಡತ ಹರಡಿಕೊಂಡು, ಹಿಡಿದ ಹೊತ್ತನ್ನು ಪರ್ಮಿಟ್ಟಿನ ಹೊತ್ತಿನ ಪಕ್ಕ ಬರೆದು ನೋಡಿ. ಬಹುಪಾಲು ಗಾಡಿಗಳು ಅವಧಿಯ ಕೊನೆಯ ಭಾಗದಲ್ಲಿ, ಅದೂ ಯಾರ್ಡಿನ ಹತ್ತಿರವೇ ಸಿಕ್ಕಿದ್ದರೆ ತಪ್ಪು ಬರೀ ಚಾಲಕರದ್ದಲ್ಲ, ಅವಧಿ ನಿಗದಿ ಮಾಡಿದ ರೀತಿಯದ್ದು. ಅವಧಿಯನ್ನು ಎರಡೂವರೆ ತಾಸಿಗೆ ಇಳಿಸಿ, ಉಸುಕು ಇಳಿಸಿದ ಕಡೆಯೇ ಚೀಟಿ ಮುಚ್ಚುವ ವ್ಯವಸ್ಥೆ ಮಾಡಿದರೆ ಎರಡನೇ ಖೇಪಿಗೆ ಜಾಗವಿರುವುದಿಲ್ಲ. ಇಪ್ಪತ್ತು ದಂಡಗಳಿಂದ ಆಗದ್ದು ಇದರಿಂದ ಆಗಬಹುದು.

ಬಿಹಾರದಲ್ಲಿ ಮಹಾಲೇಖಪಾಲರ ತಂಡ ಮಾಡಿದ್ದೂ ಇಂಥದ್ದೇ ಕೆಲಸ. ಉಸುಕಿನ ಚಲನ್‌ಗಳ ಮೇಲಿದ್ದ ಗಾಡಿ ಸಂಖ್ಯೆಗಳನ್ನು ಸಾರಿಗೆ ಇಲಾಖೆಯ ನೋಂದಣಿಯೊಂದಿಗೆ ಹೋಲಿಸಿದಾಗ ಆಂಬುಲೆನ್ಸ್, ಆಟೋ, ಬೈಕುಗಳು ಉಸುಕು ಹೊತ್ತಂತೆ ದಾಖಲಾಗಿದ್ದುದು ಕಂಡಿತು. ಯಾವ ಚೆಕ್‌ಪೋಸ್ಟಿನಲ್ಲೂ ಇದು ಸಿಕ್ಕುವಂಥದ್ದಲ್ಲ.

ನ್ಯಾಯಾಲಯದಲ್ಲಿ ಬಿದ್ದುಹೋದ ಕೇಸುಗಳನ್ನೂ ಹೀಗೇ ಓದಬೇಕು. 1957ರ ಕಾಯ್ದೆಯ 22ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿ ಬರೆದುಕೊಟ್ಟ ದೂರಿನ ಮೇಲಷ್ಟೇ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಬೇಕು. ಪೊಲೀಸರು ತಾವಾಗಿ ಹಾಕಿದ ಕೇಸು ಇದೇ ಕಾರಣಕ್ಕೆ ನಿಲ್ಲದೆ ಹೋಗುತ್ತದೆ. ಒಂದು ಕೇಸು ಬಿದ್ದರೆ ಅದು ಆ ಠಾಣೆಯ ದುರದೃಷ್ಟ. ಹತ್ತು ಕೇಸು ಒಂದೇ ಕಾರಣಕ್ಕೆ ಬಿದ್ದರೆ ದೂರು ಬರೆಯುವ ಕ್ರಮವನ್ನೇ ಬದಲಿಸಬೇಕು. 2014ರ ಸಂಜಯ್ ತೀರ್ಪು, 2020ರ ಡಿಸೆಂಬರ್‌ನ ಜಯಂತ್ ತೀರ್ಪು ದಾರಿ ತೆರೆದಿವೆ: ಸರ್ಕಾರದ ಉಸುಕು ಕದ್ದದ್ದಕ್ಕೆ ಕಳ್ಳತನದ ಕಲಂ ಪ್ರತ್ಯೇಕವಾಗಿ ನಡೆಯಬಹುದು, ರಾಜಿ ದಂಡ ಕಟ್ಟಿದರೂ ಅದು ಉಳಿಯುತ್ತದೆ.

ಈ ಓದಿಗೆ ಮಿತಿಯೂ ಇದೆ. ಹಿಡಿದದ್ದನ್ನಷ್ಟೇ ಅದು ತೋರಿಸುತ್ತದೆ. ಯಾವ ರಸ್ತೆಯಲ್ಲಿ ಕಾವಲಿಲ್ಲವೋ ಅಲ್ಲಿ ಕೇಸೇ ಇಲ್ಲ, ಕೇಸಿಲ್ಲದ ರಸ್ತೆ ಶುದ್ಧವಾಗಿ ಕಾಣುತ್ತದೆ. ಜಿಪಿಎಸ್ ಪೆಟ್ಟಿಗೆಯನ್ನು ಬಿಚ್ಚಿ ಬೇರೆ ಗಾಡಿಗೆ ಹಾಕಿದರೆ ಪರದೆಯ ಮೇಲೆ ಎಲ್ಲ ಸರಿಯಿರುತ್ತದೆ. ಅದನ್ನು ಬಯಲಿಗೆ ತರುವುದು ಹೊಳೆಯೇ: ಮಳೆಗಾಲದ ನಂತರದ ಮತ್ತು ಮುಂದಿನ ಮಳೆಗಾಲಕ್ಕೆ ಮುಂಚಿನ ತಳದ ಅಳತೆಯಿಂದ ಹೋದ ಉಸುಕೆಷ್ಟೆಂದು ಅಂದಾಜು ಮಾಡಿ, ಪರ್ಮಿಟ್ಟುಗಳ ಒಟ್ಟು ಟನ್ನಿನ ಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೂರು ಮೀಟರಿಗಿಂತ ಆಳಕ್ಕೆ ಹೋಗಬಾರದೆಂಬ ನಿಯಮವಿರುವಲ್ಲಿ ಐದು ಮೀಟರಿನ ಗುಂಡಿ ಇದ್ದರೆ, ಆ ದಡದಲ್ಲಿ ವರ್ಷವಿಡೀ ಒಂದೂ ಕೇಸು ಯಾಕೆ ದಾಖಲಾಗಲಿಲ್ಲ ಎಂದು ಅಲ್ಲಿಂದ ಕೇಳತೊಡಗಬೇಕು.