ಯಾರಿಗೆ ಬೇಕಾಗಿದ್ದಾರೆ? ಫಾರ್ವರ್ಡ್ ಆಗುವ ಕೆಲಸದ ಸಂದೇಶದ ವಾಕ್ಯರಚನೆ ಕುರಿತು

ದೊಡ್ಡಬಳ್ಳಾಪುರದಂಥ ಕಡೆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿಗೆ ಕಟ್ಟಿದ ಬೋರ್ಡಿನಲ್ಲಿ ಎಷ್ಟೋ ಸಲ ಎರಡೇ ಪದ ಇರುತ್ತವೆ: ‘ಟೇಲರ್‌ಗಳು ಬೇಕಾಗಿದ್ದಾರೆ’. ಯಾರಿಗೆ ಬೇಕಾಗಿದ್ದಾರೆ ಎಂದು ಬೋರ್ಡು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಅದು ತೂಗುತ್ತಿರುವ ಗೇಟೇ ಉತ್ತರ. ಅದೇ ವಾಕ್ಯ ಸ್ತ್ರೀಶಕ್ತಿ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಬರುವಾಗ ಗೇಟು ಅಲ್ಲೇ ಉಳಿದುಬಿಡುತ್ತದೆ, ಪದಗಳು ಮಾತ್ರ ಬರುತ್ತವೆ. ನಿಜವಾದ ಕೆಲಸದ ಸಂದೇಶವೂ ಮೋಸದಂತೆ ಕಾಣುವುದಕ್ಕೆ ಕಾಗುಣಿತ ತಪ್ಪು, ಮೂರು ಮೂರು ಆಶ್ಚರ್ಯಸೂಚಕ ಚಿಹ್ನೆಗಳು ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಗೇಟಿನ ವಾಕ್ಯವನ್ನು ಗೇಟಿಲ್ಲದ ಕಡೆಗೆ ಸಾಗಿಸುವುದೇ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಕೆಲಸದ ಸುದ್ದಿ ಪರಿಚಯಸ್ಥರ ಮೂಲಕ ಹರಡುತ್ತದೆ ಎನ್ನುವುದರಲ್ಲಿ ವಿವಾದವಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬಾಸ್ಟನ್ ಬಳಿಯ ನೌಕರರ ಸಂದರ್ಶನಗಳನ್ನು ಆಧರಿಸಿ ಇದಕ್ಕೊಂದು ತಿರುವು ಕೊಟ್ಟರು. ಪರಿಚಯದ ಮೂಲಕ ಕೆಲಸ ಹಿಡಿದವರಲ್ಲಿ ಐದನೇ ನಾಲ್ಕು ಭಾಗಕ್ಕೂ ಹೆಚ್ಚು ಮಂದಿಗೆ ಸುದ್ದಿ ಕೊಟ್ಟವರು ದಿನನಿತ್ಯದ ಆಪ್ತರಲ್ಲ, ಆಗೀಗ ಇಲ್ಲವೇ ಅಪರೂಪಕ್ಕೆ ಸಿಗುವವರು. ಸಮುದಾಯದ ಗುಂಪು ಇಂಥ ಸಡಿಲ ನಂಟುಗಳ ಸಂತೆ. ಆದರೆ ಗ್ರಾನೊವೆಟರ್ ಕಂಡ ಸುದ್ದಿಗೆ ಒಂದು ಬಾಯಿ ಇತ್ತು, ಕೇಳಿದವನು ಮರುಪ್ರಶ್ನೆ ಹಾಕಬಹುದಿತ್ತು. ಫಾರ್ವರ್ಡ್ ಮಾಡಿದ ಸಂದೇಶ ತನ್ನ ಮೊದಲ ಬರಹಗಾರನ ಹೆಸರನ್ನೂ ಬರೆದ ದಿನವನ್ನೂ ಹೊತ್ತು ತರುವುದಿಲ್ಲ. ಓದುವವರ ಪರದೆಯಲ್ಲಿ ಕಾಣುವುದು ಕೊನೆಗೆ ಕಳಿಸಿದವರ ಹೆಸರು ಮತ್ತು ಅದು ತಲುಪಿದ ಸಮಯ. 2018ರ ಜುಲೈನಿಂದ ಅದಕ್ಕೆ ಫಾರ್ವರ್ಡ್ ಎಂಬ ಗುರುತೂ ಸೇರಿತು. ಬಹಳ ಕೈ ದಾಟಿದ ಸಂದೇಶಕ್ಕೆ ಎರಡು ಬಾಣದ ಗುರುತು ಬೀಳುತ್ತದೆ, 2020ರ ಏಪ್ರಿಲ್‌ನಿಂದ ಅಂಥದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಹೀಗಾಗಿ ಒಳ್ಳೆಯ ಕೆಲಸದ ಸುದ್ದಿ ಹೆಚ್ಚು ಜನರಿಗೆ ಉಪಯೋಗಕ್ಕೆ ಬಂದಷ್ಟೂ ಹೆಚ್ಚು ಅನುಮಾನದ ಗುರುತು ಹೊತ್ತು ತಿರುಗುತ್ತದೆ. ನಕಲು ಮಾಡಿ ಅಂಟಿಸಿದರೆ ಗುರುತು ಮಾಯವಾಗುತ್ತದೆ, ವಂಚಕರಿಗೂ ಇದು ಗೊತ್ತು.

ಇನ್ನು ಚರ್ಚಾಸ್ಪದವಾದ ವಿಷಯ. ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲಿ ಬರೆದ ಪ್ರಬಂಧವೊಂದರ ಪ್ರಶ್ನೆ ಸರಳವಾಗಿತ್ತು: ನೈಜೀರಿಯಾದ ಮೋಸ ಜಗತ್ತಿಗೆಲ್ಲ ಗೊತ್ತಿದ್ದರೂ ಇಮೇಲ್ ವಂಚಕರು ತಾವು ನೈಜೀರಿಯಾದವರೆಂದೇ ಏಕೆ ಹೇಳಿಕೊಳ್ಳುತ್ತಾರೆ? ಅವರ ಉತ್ತರ ಹೀಗೆ. ಲಕ್ಷಗಟ್ಟಲೆ ಇಮೇಲ್ ಕಳಿಸಲು ಖರ್ಚಿಲ್ಲ, ಆದರೆ ಉತ್ತರಿಸಿದ ಒಬ್ಬೊಬ್ಬರ ಜೊತೆಗೂ ವಾರಗಟ್ಟಲೆ ಪತ್ರವ್ಯವಹಾರ ನಡೆಸಬೇಕು. ಅರ್ಧ ದಾರಿಯಲ್ಲಿ ಎಚ್ಚೆತ್ತುಕೊಳ್ಳುವವರು ವಂಚಕನಿಗೆ ನಷ್ಟ. ಆದ್ದರಿಂದ ಕಥೆ ನಂಬಲಾಗದಂತೆ ಇರುವುದೇ ಅವನಿಗೆ ಲಾಭ, ಬುದ್ಧಿವಂತರು ಮೊದಲೇ ಜಾರಿಹೋಗುತ್ತಾರೆ. ಅಸಂಬದ್ಧತೆಯೇ ಜರಡಿ.

ಈ ವಾದದ ಒಪ್ಪವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಒಂದು ಜನಪ್ರಿಯ ಉಪಸಿದ್ಧಾಂತ ಹುಟ್ಟಿಕೊಂಡಿದೆ: ಮೋಸದ ಸಂದೇಶ ಅಡ್ಡಾದಿಡ್ಡಿಯಾಗಿರುತ್ತದೆ, ಆದ್ದರಿಂದ ನಿಜವಾದದ್ದನ್ನು ಚೊಕ್ಕಟವಾಗಿ ಬರೆದರೆ ಸಾಕು. ಕೆಲಸದ ಸಂದೇಶಕ್ಕೆ ಇದು ಹೊಂದುವುದಿಲ್ಲ. ಕಾರಣ ಹರ್ಲಿಯವರ ಲೆಕ್ಕದಲ್ಲೇ ಇದೆ. ‘ನೋಂದಣಿ’, ‘ಯೂನಿಫಾರ್ಮ್’, ‘ಐಡಿ ಕಾರ್ಡ್’ ಎಂದು ಕೆಲವು ನೂರು ರೂಪಾಯಿಯನ್ನು ಯುಪಿಐ ಮೂಲಕ ಹಾಕಿಸಿಕೊಳ್ಳುವ ವ್ಯವಹಾರ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಹಿಂಬಾಲಿಸುವ ಖರ್ಚು ಇಲ್ಲವೆಂದ ಮೇಲೆ ಜರಡಿ ಏತಕ್ಕೆ? ಈ ವಂಚಕನಿಗೆ ಎಲ್ಲರೂ ಬೇಕು. ‘ಎಸ್ಸೆಸ್ಸೆಲ್ಸಿ ಪಾಸ್ ಅಥವಾ ಫೇಲ್, ಅನುಭವ ಬೇಡ, ವಯಸ್ಸಿನ ಮಿತಿ ಇಲ್ಲ, ಊಟ ವಸತಿ ಉಚಿತ’ ಎಂಬ ಸಾಲುಗಳ ಹಿಂದಿರುವುದು ಇದೇ. ಯಾರನ್ನೂ ಬಿಡದ ಬಾಗಿಲು ಅದು.

ಇಲ್ಲಿಂದ ನನ್ನ ಮುಖ್ಯ ಹೇಳಿಕೆಗೆ ಬರುತ್ತೇನೆ. ಕೆಲಸದ ಸಂದೇಶದ ಪ್ರಾಮಾಣಿಕತೆ ಅದು ಎಷ್ಟು ಜನರನ್ನು ಕರೆಯುತ್ತದೆ ಎನ್ನುವುದಕ್ಕಿಂತ ಯಾರನ್ನು ಬೇಡವೆನ್ನುತ್ತದೆ ಎನ್ನುವುದರಲ್ಲಿ ಹೆಚ್ಚಾಗಿ ಕಾಣುತ್ತದೆ. ನಿಜವಾದ ಮಾಲೀಕನಿಗೆ ತಪ್ಪು ಅಭ್ಯರ್ಥಿ ಎಂದರೆ ಹಾಳಾದ ಬೆಳಗು. ‘ಕಾಲರ್ ಕೂಡಿಸಲು ಬಾರದವರು ಈ ಸಲ ಬರುವುದು ಬೇಡ’ ಎಂದು ಅವನು ಬರೆಯಬಲ್ಲ, ಬರೆದರೆ ಅವನಿಗೇ ಅನುಕೂಲ. ಇನ್ನೊಂದು ಪ್ರಯೋಜನವೂ ಉಂಟು. ಎಲ್ಲರಿಗೂ ಅನ್ವಯಿಸುವ ಸಂದೇಶ ಓದಿದವಳಿಗೆ ಯಾರೂ ನೆನಪಾಗುವುದಿಲ್ಲ. ಕಾಲರ್, ಕಫ್ ಎಂದು ಓದಿದ ಕೂಡಲೇ ಪಕ್ಕದ ಬೀದಿಯ ಒಬ್ಬಳು ನೆನಪಾಗುತ್ತಾಳೆ. ಸಡಿಲ ನಂಟು ಕೆಲಸ ಮಾಡುವುದು ಹೀಗೆ.

ಈ ಹೇಳಿಕೆಗೆ ಗಡಿ ಹಾಕದಿದ್ದರೆ ಅದು ತಪ್ಪು ದಾರಿಗೆ ಎಳೆದೀತು. ಸರ್ಕಾರಿ ನೇಮಕಾತಿಯ ಹೆಸರಿನ ನಕಲಿ ಸಂದೇಶಗಳು ಅಸಲಿ ಅಧಿಸೂಚನೆಯ ಅರ್ಹತೆಗಳನ್ನು ಅಕ್ಷರಶಃ ಎತ್ತಿಕೊಳ್ಳಬಲ್ಲವು. ಅಲ್ಲಿ ಬೇಡವೆನ್ನುವ ಸಾಲುಗಳು ಏನನ್ನೂ ಸಾಬೀತು ಮಾಡುವುದಿಲ್ಲ. ಜಾಲತಾಣದ ಡೊಮೈನ್ ಹೆಸರು `.gov.in` ಅಥವಾ `.nic.in` ಎಂದು ಮುಗಿಯುತ್ತದೆಯೇ, ಅದಾದ ಮೇಲೆ ಇನ್ನೇನಾದರೂ ಬಾಲ ಇದೆಯೇ ಎಂಬುದನ್ನೇ ನೋಡಬೇಕು. ಇದಕ್ಕಿಂತ ಗಂಭೀರವಾದ ಪ್ರತಿಸಾಕ್ಷ್ಯ 2022ರ ಸೆಪ್ಟೆಂಬರಿನದು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರಾಟದ ಕೆಲಸವೆಂದು ಐಟಿ ಬಲ್ಲ ಯುವಕರನ್ನು ಕರೆದು ಮ್ಯಾನ್ಮಾರಿಗೆ ಸಾಗಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ ಆಗ ಎಚ್ಚರಿಕೆ ಹೊರಡಿಸಿತು. ಆ ಆಮಿಷ ಎಲ್ಲರಿಗೂ ತೆರೆದದ್ದಾಗಿರಲಿಲ್ಲ, ಕೌಶಲವಿದ್ದವರನ್ನೇ ಹುಡುಕುತ್ತಿತ್ತು. ವಂಚಕನಿಗೆ ಬೇಕಾದದ್ದು ಹಣವಲ್ಲ, ಮನುಷ್ಯನೇ ಆದಾಗ ಅವನೂ ಜರಡಿ ಹಿಡಿಯುತ್ತಾನೆ. ಹಾಗೆಯೇ ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸಿ ಕ್ರಮೇಣ ಲಕ್ಷಗಟ್ಟಲೆ ಹಾಕಿಸಿಕೊಳ್ಳುವ ‘ಮನೆಯಲ್ಲೇ ಕೂತು ಸಂಪಾದಿಸಿ’ ಆಟಗಳಿಗೆ ಹರ್ಲಿಯವರ ವಿವರಣೆ ಬಹುಶಃ ಸರಿಯಾಗಿಯೇ ಕೂರುತ್ತದೆ. ನನ್ನ ಹೇಳಿಕೆ ನಿಲ್ಲುವುದು ಸ್ಥಳೀಯ, ಖಾಸಗಿ, ಕಡಿಮೆ ಸಂಬಳದ ಕೆಲಸಗಳ ಮಟ್ಟಿಗೆ. ಬೇಡವೆನ್ನುವ ನೆಪದಲ್ಲಿ ಜಾತಿ, ಧರ್ಮ, ಮದುವೆಯ ವಿವರ ನುಸುಳಿಸುವುದು ಬೇರೆಯೇ ರೋಗ. ಇಲ್ಲಿ ಹೇಳುತ್ತಿರುವುದು ಕೈಕೆಲಸದ ಷರತ್ತುಗಳನ್ನು.

ಈಗ ವಾಕ್ಯಕ್ಕೆ ಮರಳೋಣ. ‘ಬೇಕು’ ಎಂಬುದು ಕನ್ನಡದಲ್ಲಿ ಚತುರ್ಥಿಯನ್ನು ಕೇಳುವ ಪದ. ಕಾರ್ಖಾನೆಗೆ ಬೇಕು, ನನಗೆ ಬೇಕು. ಆ ಚತುರ್ಥಿಯನ್ನು ಬಿಟ್ಟರೂ ವಾಕ್ಯ ವ್ಯಾಕರಣದ ಪ್ರಕಾರ ಪೂರ್ಣವಾಗಿಯೇ ಕಾಣುವುದರಿಂದ ಬರೆಯುವವರಿಗೆ ಏನೋ ತಪ್ಪಿಹೋಗಿದೆ ಎನ್ನಿಸುವುದಿಲ್ಲ. ‘ಸಂಪರ್ಕಿಸಿ’ ಎಂಬ ಕ್ರಿಯಾಪದವೂ ಯಾರನ್ನು ಎಂದು ಹೇಳದೆ ನಿಲ್ಲಬಲ್ಲದು. ‘ನಮ್ಮ ಕಂಪನಿಯಲ್ಲಿ’ ಎಂದು ತುಂಬಿದರೆ ಕಷ್ಟ ಇನ್ನೂ ಹೆಚ್ಚುತ್ತದೆ. ತೆಲುಗಿನ ‘ಮಾ’, ‘ಮನ’ಗಳಂತೆ ಕೇಳುಗರನ್ನು ಹೊರಗಿಟ್ಟ ಮತ್ತು ಒಳಗೊಂಡ ರೂಪಗಳು ನಮ್ಮ ಇಂದಿನ ಆಡುಮಾತಿನಲ್ಲಿ ಬೇರೆ ಬೇರೆ ಇಲ್ಲ. ಸಂಘದ ಲಕ್ಷ್ಮಮ್ಮನಂಥವರು ಕಳಿಸಿದ ಫಾರ್ವರ್ಡಿನಲ್ಲಿ ‘ನಮ್ಮ ಕಂಪನಿ’ ಎಂದಿದ್ದರೆ, ಅವರ ಮಗಳು ಕೆಲಸ ಮಾಡುವ ಕಂಪನಿಯೋ, ಮೊದಲು ಬರೆದವರದೋ ಎಂದು ಗುಂಪು ತಲೆ ಕೆಡಿಸಿಕೊಳ್ಳುತ್ತದೆ. (ಆ ಭೇದ ಇದ್ದಿದ್ದರೂ ‘ನಾವು’ ಯಾರೆಂಬುದು ಕೈಯಿಂದ ಕೈಗೆ ಬದಲಾಗುವುದು ತಪ್ಪುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.) ‘ನಾಳೆ’ಯದೂ ಇದೇ ಗತಿ, ಫಾರ್ವರ್ಡಿನ ನಾಳೆ ಎಂದೂ ಬರುವುದಿಲ್ಲ.

ವಿವರಣೆಗಾಗಿ ನಾನೇ ಕಟ್ಟಿದ ಒಂದು ಮಾದರಿ:

‘ಅರ್ಜೆಂಟ್!! ಟೇಲರ್‌ಗಳು ಬೇಕಾಗಿದ್ದಾರೆ. ಸಂಬಳ 15,000+ ಪಿಎಫ್ ಇಎಸ್‌ಐ. ನಾಳೆಯೇ ಬನ್ನಿ. ಯಾವುದೇ ಶುಲ್ಕವಿಲ್ಲ. ಸಂಪರ್ಕಿಸಿ, ಎಲ್ಲ ಗುಂಪುಗಳಿಗೂ ಶೇರ್ ಮಾಡಿ.’

ಇದರಲ್ಲಿ ಸುಳ್ಳು ಒಂದೂ ಇಲ್ಲ ಎಂದುಕೊಳ್ಳೋಣ. ಕಾಗುಣಿತವೂ ಸರಿಯಾಗಿದೆ. ಆದರೂ ಇದು ಮೋಸದಂತೆ ಕಾಣುತ್ತದೆ. ‘ಶುಲ್ಕವಿಲ್ಲ’ ಎಂಬುದನ್ನು ವಂಚಕನೂ ಪುಕ್ಕಟೆಯಾಗಿ ಬರೆಯಬಲ್ಲ, ಹಣ ಕೇಳುವುದು ಫೋನ್ ಎತ್ತಿದ ಮೇಲೆ. ಸಂಬಳದ ಪಕ್ಕದ ‘+’ ಚಿಹ್ನೆಗೆ ಅರ್ಥವೇ ಇಲ್ಲ. 15,000 ಪೂರ್ತಿಯೂ ಮೂಲ ವೇತನ ಮತ್ತು ತುಟ್ಟಿಭತ್ಯೆಯಾಗಿದ್ದರೆ ನೌಕರಳ ಪಾಲಿನ ಪಿಎಫ್ ಶೇ. 12ರಂತೆ 1,800, ಇಎಸ್‌ಐ ಶೇ. 0.75ರಂತೆ 113 ಕಡಿತವಾಗಿ ಕೈಗೆ ಸಿಗುವುದು 13,087 ರೂಪಾಯಿ. ಮೊದಲ ತಿಂಗಳು ಇಷ್ಟೇ ಕಂಡವಳು ಗುಂಪಿಗೆ ಬಂದು ‘ಮೋಸ’ ಎಂದು ಬರೆದರೆ ಆಕೆಯನ್ನು ದೂರುವಂತಿಲ್ಲ, ಹಾಗೆ ಬರೆದ ಮೇಲೆ ಆ ಗುಂಪಿನಲ್ಲಿ ಮುಂದಿನ ನಿಜ ಸಂದೇಶಕ್ಕೂ ಬೆಲೆ ಇರುವುದಿಲ್ಲ.

ಅದನ್ನೇ ತಿದ್ದಿದ ರೂಪ:

‘ದೊಡ್ಡಬಳ್ಳಾಪುರ ಅಪಾರೆಲ್ ಪಾರ್ಕಿನ (ಕಾರ್ಖಾನೆಯ ನೋಂದಾಯಿತ ಹೆಸರು, ಪ್ಲಾಟ್ ಸಂಖ್ಯೆ) ಕಾರ್ಖಾನೆಗೆ 12 ಟೇಲರ್‌ಗಳು ಬೇಕು. ಶರ್ಟಿನ ಕಾಲರ್ ಅಥವಾ ಕಫ್ ಕೂಡಿಸಿ ಅನುಭವ ಇರಬೇಕು, ಹೊಸಬರನ್ನು ಈ ಸಲ ತೆಗೆದುಕೊಳ್ಳುತ್ತಿಲ್ಲ. ಒಟ್ಟು ಸಂಬಳ 15,000. ಪಿಎಫ್, ಇಎಸ್‌ಐ ಕಳೆದು ಕೈಗೆ 13,087. 2026ರ ಫೆಬ್ರುವರಿ 2, ಸೋಮವಾರದಿಂದ ಫೆಬ್ರುವರಿ 6, ಶುಕ್ರವಾರದವರೆಗೆ ಬೆಳಿಗ್ಗೆ 9ಕ್ಕೆ ಕಾರ್ಖಾನೆಯ ಗೇಟಿಗೆ ಆಧಾರ್ ಪ್ರತಿ ತಂದು ಬರಬೇಕು. ಅಲ್ಲೇ ಮಷಿನ್ ಮೇಲೆ ಅರ್ಧ ಗಂಟೆ ಹೊಲಿಸಿ ನೋಡುತ್ತಾರೆ. ಫೋನಿನಲ್ಲಿ ಆಯ್ಕೆ ಇಲ್ಲ, ಫೋನಿನಲ್ಲಿ ಹಣ ಕೇಳುವವರು ಕಾರ್ಖಾನೆಯವರಲ್ಲ. ಇದೇ ವಿವರ ಗೇಟಿನ ಬೋರ್ಡಿನಲ್ಲೂ ಇದೆ. ಫೆಬ್ರುವರಿ 6ರ ನಂತರ ಇದನ್ನು ಕಳಿಸಬೇಡಿ.’

ಇದು ಉದ್ದವಾಯಿತು ಎನ್ನಬಹುದು. ಆದರೆ ಉದ್ದವಾದದ್ದು ಗೇಟನ್ನು ಹೊತ್ತು ತರಬೇಕಾದ್ದರಿಂದ. ಚತುರ್ಥಿ ಮರಳಿದೆ: ಕಾರ್ಖಾನೆಗೆ ಬೇಕು. ‘ನಾವು’, ‘ನಾಳೆ’ ಎರಡೂ ಇಲ್ಲ, ಯಾರ ಕೈಯಿಂದ ಬಂದರೂ ಅರ್ಥ ಒಂದೇ. ವಾರವನ್ನು ದಿನಾಂಕದ ಜೊತೆ ಬರೆದಿರುವುದಕ್ಕೂ ಕಾರಣವಿದೆ: ಮುಂದಿನ ವರ್ಷ ಯಾರಾದರೂ ಇಸವಿ ಮಾತ್ರ ತಿದ್ದಿ ಹರಿಬಿಟ್ಟರೆ ಫೆಬ್ರುವರಿ 2 ಮಂಗಳವಾರವಾಗಿ ಗುಟ್ಟು ರಟ್ಟಾಗುತ್ತದೆ. ಹೊಲಿಗೆ ಪರೀಕ್ಷೆಯ ಸಾಲನ್ನು ‘ಶುಲ್ಕವಿಲ್ಲ’ ಎಂಬುದಕ್ಕಿಂತ ಹೆಚ್ಚಾಗಿ ನಾನು ನಂಬುತ್ತೇನೆ, ಮಷಿನ್ ಇಲ್ಲದವನು ಮಷಿನ್ ಮುಂದೆ ಕೂರಿಸಲಾರ. ‘ಎಲ್ಲರಿಗೂ ಕಳಿಸಿ’ ಎಂಬ ಜಾಗದಲ್ಲಿ ‘ಕಳಿಸಬೇಡಿ’ ಬಂದಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮುಗಿದ ಕೆಲಸಕ್ಕೆ ಬಸ್ ಚಾರ್ಜು ಕೊಟ್ಟು ಬಂದು ವಾಪಸ್ ಹೋದವರನ್ನು ಸೆಕ್ಯುರಿಟಿಯವರು ಯಾವ ಗೇಟಿನಲ್ಲಾದರೂ ಲೆಕ್ಕ ಹೇಳಿಯಾರು.

ಇಷ್ಟಾದರೂ ಒಂದು ದಾಳಿಯನ್ನು ಪದಗಳಿಂದ ತಡೆಯಲಾಗದು. ಪೂರ್ತಿ ಪ್ರಾಮಾಣಿಕ ಸಂದೇಶವನ್ನೇ ಎತ್ತಿಕೊಂಡು ಕೊನೆಯಲ್ಲೊಂದು ಫೋನ್ ನಂಬರ್ ಸೇರಿಸಿ ಮುಂದೆ ಕಳಿಸುವುದು. ಸಂದೇಶದಲ್ಲಿ ಮೊಬೈಲ್ ನಂಬರನ್ನೇ ಬಿಟ್ಟು ಗೇಟಿಗೆ ಕಳಿಸಿರುವುದು ಇದಕ್ಕೆ ಭಾಗಶಃ ಉತ್ತರ, ಆದರೆ ದೂರದ ತಾಲ್ಲೂಕಿನವರಿಗೆ ಕೇಳದೆ ಹೊರಡು ಎನ್ನುವುದು ಅನ್ಯಾಯವೇ. ಬರಹದ ಬದಲು ಚಿತ್ರವಾಗಿ ಕಳಿಸಿದರೆ ತಿದ್ದುವುದು ಕಷ್ಟವಾಗುತ್ತದೆ ಎಂಬ ಸಲಹೆಯೂ ಇದೆ. ಆದರೆ ಚಿತ್ರದ ಮೇಲೆ ನಂಬರ್ ಬರೆಯಲು ಇಂದು ನಿಮಿಷ ಸಾಕು, ಕಣ್ಣು ಕಾಣದವರ ಫೋನ್ ಚಿತ್ರವನ್ನು ಸಲೀಸಾಗಿ ಓದಿ ಹೇಳುವುದೂ ಇಲ್ಲ. ಧ್ವನಿ ಸಂದೇಶದ ಮಾತು ಬೇರೆ. ಓದಲು ಬಾರದವರಿಗೆ ಅದೇ ಹತ್ತಿರ, ಪರಿಚಿತ ದನಿಯಾದರೆ ಬಾಯಿಯೂ ಮರಳಿ ಬಂದಂತೆ; ಆದರೆ ಅಲ್ಲಿ ‘ನಾವು’, ‘ನಾಳೆ’ಗಳೂ ಮರಳಿ ಬರುತ್ತವೆ. ಒಂದೇ ಕೆಲಸದ ಸುದ್ದಿ ಬರಹ, ಚಿತ್ರ, ಧ್ವನಿ ಮೂರರಲ್ಲೂ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಿ ಏನು ಉದುರುತ್ತದೆ ಎಂಬುದನ್ನು ಸದಸ್ಯರ ಒಪ್ಪಿಗೆ ಪಡೆದು ಕೆಲವು ತಿಂಗಳು ಕೂತು ನೋಡಬೇಕು. ಆ ಕೆಲಸ ಇನ್ನೂ ಬಾಕಿ ಇದೆ.